ಬೋನಸ್ಸು, ಸ್ಪ್ಲಿಟ್ಟು ಮತ್ತು ಸೋದರಮಾವನ ನೂರು ಷೇರು

ಷೇರು ಪೇಟೆ ಬಗ್ಗೆ ಬರೆಯೋದು ಬೇಡ ಅಂತ ಬಹಳ ದಿನ ಅಂದುಕೊಂಡಿದ್ದೆ. ಯಾವ ಷೇರು ತಗೋಬೇಕು, ಯಾವುದು ಮಾರಬೇಕು ಅಂತ ಹೇಳೋರು ಈಗಾಗಲೇ ಊರ ತುಂಬಾ ಇದ್ದಾರೆ, ಆ ಸಾಲಿಗೆ ನಾನೂ ಸೇರೋದು ಬೇಡ ಅಂತ. ಈ ಬರಹದಲ್ಲೂ ಅದು ಇಲ್ಲ, ಹೆದರಬೇಡಿ :) ಇದು ಒಂದು ಲೆಕ್ಕದ ಕಥೆ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕಾಫಿ ಹಿಡ್ಕೊಂಡು "ಬೋನಸ್ ಬಂದ್ರೇನು, ಸ್ಪ್ಲಿಟ್ ಆದ್ರೇನು, ಎರಡೂ ಒಂದೇ ಗುರೂ" ಅಂತ ಹೇಳೋ ಗೆಳೆಯರು ಇದ್ದಾರಲ್ಲ, ಅವರ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ನಮ್ಮ ಸೋದರಮಾವನ ಆರು ಸಾವಿರ ಚಿಲ್ಲರೆ ರೂಪಾಯಿ ಇತ್ತು.

ಮಾವ ಇರೋದು ಹಿರಿಯೂರಿನಲ್ಲಿ. ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿ ನಿವೃತ್ತರಾದವರು. ಪಿಂಚಣಿ ಬರುತ್ತೆ, ಪೇಟೆಯಲ್ಲಿ ಎರಡು ಮಳಿಗೆಯ ಬಾಡಿಗೆ ಬರುತ್ತೆ, ವಾಣಿವಿಲಾಸ ಸಾಗರದ ಕಡೆ ಸ್ವಲ್ಪ ತೋಟ ಇದೆ. ಒಟ್ಟಿನಲ್ಲಿ ತೆರಿಗೆ ಕಟ್ಟುವ ಲೆಕ್ಕಕ್ಕೆ ಸೇರಿದವರು. 2023ರ ಆಗಸ್ಟಿನಲ್ಲಿ ನಾನೇ ಅವರಿಗೆ ಡಿಮ್ಯಾಟ್ ಖಾತೆ ಮಾಡಿಸಿಕೊಟ್ಟೆ. "ಗೊತ್ತಿರೋ ಕಂಪನಿ ಮಾತ್ರ ತಗೋತೀನಿ ಕಣಪ್ಪಾ, ಮುಂಬೈಯೋರದ್ದೆಲ್ಲಾ ನಂಗೆ ಬೇಡ" ಅಂತ ಹಟ ಹಿಡಿದು ಎರಡೇ ಎರಡು ಷೇರು ತಗೊಂಡರು. ಒಂದು ಕೆನರಾ ಬ್ಯಾಂಕ್, ಸಂಬಳ ಬರ್ತಿದ್ದದ್ದು ಅಲ್ಲೇ ಅನ್ನೋ ಕಾರಣಕ್ಕೆ. ಇನ್ನೊಂದು ವಿಪ್ರೋ, ಅವರ ಶಿಷ್ಯನೊಬ್ಬ ಅಲ್ಲಿ ಕೆಲಸ ಮಾಡ್ತಾನೆ ಅನ್ನೋ ಕಾರಣಕ್ಕೆ. ಕೆನರಾ 100, ತಲಾ ಸುಮಾರು 330 ರೂಪಾಯಿ. ವಿಪ್ರೋ 100, ತಲಾ ಸುಮಾರು 420. (ಪೈಸೆಗಳನ್ನೆಲ್ಲಾ ಬಿಟ್ಟು ದುಂಡಗೆ ಬರೀತಿದ್ದೀನಿ, ಲೆಕ್ಕ ಸುಲಭ ಆಗಲಿ ಅಂತ.)

ಕಾಕತಾಳೀಯ ಅಂದ್ರೆ ಇದು. 2024ರಲ್ಲಿ ಕೆನರಾ ಬ್ಯಾಂಕ್ ಷೇರು ಸ್ಪ್ಲಿಟ್ ಆಯ್ತು, ಅದೇ ವರ್ಷ ವಿಪ್ರೋ ಬೋನಸ್ ಕೊಟ್ಟಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲ್ಲ.

ಮೊದಲು ಕೆನರಾ. ಪ್ರತಿ ಷೇರಿಗೂ ಒಂದು ಮುಖಬೆಲೆ ಅಂತ ಇರುತ್ತೆ, ಕಂಪನಿಯ ಪುಸ್ತಕದಲ್ಲಿ ಬರೆದುಕೊಂಡ ಬೆಲೆ. ಪೇಟೆಯ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಕೆನರಾದ್ದು 10 ರೂಪಾಯಿ ಇತ್ತು. 2024ರ ಮೇ 15ನ್ನು ದಾಖಲೆ ದಿನ ಅಂತ ಗೊತ್ತುಮಾಡಿ, 10 ರೂಪಾಯಿಯ ಒಂದು ಷೇರನ್ನು 2 ರೂಪಾಯಿಯ ಐದು ಷೇರು ಮಾಡಿದರು. ಮಾವನ ನೂರು ಷೇರು ಐನೂರಾಯ್ತು. 560ರ ಮೇಲೆ ಆಡುತ್ತಿದ್ದ ಬೆಲೆ ಬೆಳಗಾಗುವಷ್ಟರಲ್ಲಿ 113ರ ಆಸುಪಾಸಿಗೆ ಬಂತು.

ಮಾವನಿಗೆ ಇದು ತಕ್ಷಣ ಅರ್ಥ ಆಯ್ತು. ಯಾಕಂದ್ರೆ ನಮ್ಮ ಕಡೆ ಜಮೀನು ಇರೋರಿಗೆಲ್ಲ ಪೋಡಿ ಗೊತ್ತು. ಒಂದು ಸರ್ವೆ ನಂಬರಿನ ಐದು ಎಕರೆಯನ್ನು ಪೋಡಿ ಮಾಡಿಸಿದ್ರೆ ಒಂದೊಂದು ಎಕರೆಯ ಐದು ಹಿಸ್ಸಾ ಆಗುತ್ತೆ, ಐದು ಪಹಣಿ ಬರುತ್ತೆ. ಮಣ್ಣು ಒಂದು ಹಿಡಿ ಕೂಡ ಜಾಸ್ತಿ ಆಗಲ್ಲ. ಇಲ್ಲೂ ಹಾಗೇ. ಪೋಡಿ ಆದ ಮೇಲೆ ನಂಬರ್ ಬದಲಾಗೋ ಹಾಗೆ, ಸ್ಪ್ಲಿಟ್ ಆದ ಮೇಲೆ ಷೇರಿನ ಗುರುತಿನ ಸಂಖ್ಯೆಯೂ (ಐಎಸ್‌ಐಎನ್ ಅಂತಾರೆ) ಬದಲಾಗುತ್ತೆ. ಡಿಮ್ಯಾಟ್ ಖಾತೆಯಿಂದ ಹಳೇ ಸಂಖ್ಯೆಯ 100 ಹೊರಗೆ ಹೋಗಿ ಹೊಸ ಸಂಖ್ಯೆಯ 500 ಒಳಗೆ ಬರುತ್ತೆ.

ಬ್ಯಾಂಕಿನ ಪುಸ್ತಕದಲ್ಲಿ ಏನೂ ಆಗಲಿಲ್ಲ. ಮೊದಲು ಸುಮಾರು 181 ಕೋಟಿ ಷೇರು, ತಲಾ 10 ರೂಪಾಯಿ, ಬಂಡವಾಳ ಸುಮಾರು 1,814 ಕೋಟಿ. ಆಮೇಲೆ ಸುಮಾರು 907 ಕೋಟಿ ಷೇರು, ತಲಾ 2 ರೂಪಾಯಿ, ಬಂಡವಾಳ ಅದೇ 1,814 ಕೋಟಿ. ಲಾಭಾಂಶದಲ್ಲೂ ಇದು ಚೆನ್ನಾಗಿ ಕಾಣಿಸಿತು. ಆ ವರ್ಷಕ್ಕೆ ಬ್ಯಾಂಕು ಹಳೇ ಷೇರಿನ ಲೆಕ್ಕದಲ್ಲಿ 16 ರೂಪಾಯಿ 10 ಪೈಸೆ ಲಾಭಾಂಶ ಅಂತ ಹೇಳಿತ್ತು. ಕೈಗೆ ಬರುವಷ್ಟರಲ್ಲಿ ಸ್ಪ್ಲಿಟ್ ಆಗಿದ್ದರಿಂದ ಷೇರಿಗೆ 3 ರೂಪಾಯಿ 22 ಪೈಸೆ ಆಯ್ತು. ಅತ್ತೆ "ಹದಿನಾರು ಅಂದೋರು ಮೂರು ಕೊಡ್ತಾವ್ರಲ್ಲ" ಅಂತ ರೇಗಿದರು. ಮಾವ ಕ್ಯಾಲೆಂಡರ್ ಹಿಂದೆ ಗುಣಾಕಾರ ಮಾಡಿ ತೋರಿಸಿದರು. 100 ಇಂಟು 16.10 ಅಂದ್ರೂ 1,610, 500 ಇಂಟು 3.22 ಅಂದ್ರೂ 1,610. ಪೇಪರಿನಲ್ಲಿ 161 ಪರ್ಸೆಂಟ್ ಲಾಭಾಂಶ ಅಂತ ಬರುತ್ತಲ್ಲ, ಆ ಪರ್ಸೆಂಟು ಮುಖಬೆಲೆಯ ಮೇಲೆ. ಪೇಟೆ ಬೆಲೆ ಮೇಲೆ ಅಂದುಕೊಂಡು ಕುಣಿಯೋ ಹಾಗಿಲ್ಲ :)

ಇನ್ನು ವಿಪ್ರೋ. 2024ರ ಡಿಸೆಂಬರ್ 3 ದಾಖಲೆ ದಿನ, ಬೋನಸ್ 1:1. ಅಂದ್ರೆ ಇರೋ ಒಂದಕ್ಕೆ ಇನ್ನೊಂದು. (ಇಲ್ಲೊಂದು ಗೊಂದಲ ಇದೆ. ಬೋನಸ್ 1:1 ಅಂದ್ರೆ ಒಂದರ ಜೊತೆಗೆ ಒಂದು, ಒಟ್ಟು ಎರಡು. ಸ್ಪ್ಲಿಟ್ 1:5 ಅಂದ್ರೆ ಒಂದರ ಬದಲಿಗೆ ಐದು, ಒಟ್ಟು ಐದೇ. 'ಜೊತೆಗೆ' ಮತ್ತು 'ಬದಲಿಗೆ' ಅನ್ನೋ ಎರಡು ಪದ ನೆನಪಿಟ್ಟುಕೊಂಡ್ರೆ ಸಾಕು.) ಬೆಲೆ ಸುಮಾರು 585 ಇದ್ದದ್ದು 292ರ ಹತ್ತಿರಕ್ಕೆ ಇಳಿಯಿತು. ಅವತ್ತು ಬೆಳಿಗ್ಗೆ ಒಂಬತ್ತೂವರೆಗೆ ಮಾವನ ಫೋನು. ಧ್ವನಿಯಲ್ಲಿ ಗಾಬರಿ. "ಏನಪ್ಪಾ ಇದು, ನನ್ನ ವಿಪ್ರೋ ಕೆಂಪಗಾಗಿದೆ, ಅರ್ಧ ದುಡ್ಡೇ ಹೋಗಿದೆ, ಷೇರು ಮಾತ್ರ ನೂರೇ ತೋರಿಸ್ತಿದೆ!"

ಇದು ಎಲ್ಲರಿಗೂ ಆಗೋದೇ. ಬೆಲೆ ದಾಖಲೆ ದಿನ ಬೆಳಿಗ್ಗೆಯೇ ಇಳಿಯುತ್ತೆ, ಬೋನಸ್ ಷೇರು ಖಾತೆಗೆ ಬರೋದು ಆಮೇಲೆ. ಮೊದಲೆಲ್ಲ ಈ ನಡುವಿನ ಕಾಲ ಎರಡು ವಾರದ ತನಕವೂ ಎಳೆಯುತ್ತಿತ್ತು. 2024ರ ಅಕ್ಟೋಬರ್ 1ರ ನಂತರ ಘೋಷಣೆಯಾದ ಬೋನಸ್‌ಗಳಿಗೆ, ದಾಖಲೆ ದಿನ ಕಳೆದು ಎರಡನೇ ವಹಿವಾಟಿನ ದಿನವೇ ಆ ಷೇರು ಮಾರಾಟಕ್ಕೆ ಸಿಗಬೇಕು ಅಂತ ಸೆಬಿ ನಿಯಮ ಮಾಡಿದೆ. ವಿಪ್ರೋ ಬೋನಸ್ ಹೇಳಿದ್ದು ಅಕ್ಟೋಬರ್ ಮಧ್ಯದಲ್ಲಿ, ಹಾಗಾಗಿ ಮಾವನ ಗಾಬರಿ ಎರಡು ದಿನಕ್ಕೆ ಮುಗಿಯಿತು. 200 ಷೇರು ಕಾಣಿಸಿತು, ಕೆಂಪು ಹೋಗಿ ಹಸಿರು ಬಂತು.

"ಹಂಗಾದ್ರೆ ಇದೂ ಪೋಡಿನೇ ಅಲ್ವೇನಪ್ಪಾ?" ಅಂದರು ಮಾವ. ಅಲ್ಲ. ವಿಪ್ರೋದ ಮುಖಬೆಲೆ ಮೊದಲೂ 2 ರೂಪಾಯಿ, ಬೋನಸ್ ಆದ ಮೇಲೂ 2 ರೂಪಾಯಿ. ಸುಮಾರು 523 ಕೋಟಿ ಷೇರು ಇದ್ದದ್ದು ಎರಡರಷ್ಟಾಯ್ತು. ಹೊಸ 523 ಕೋಟಿ ಷೇರಿಗೆ ತಲಾ 2 ರೂಪಾಯಿ ಯಾರೋ ತುಂಬಬೇಕಲ್ಲ? ಕಂಪನಿಯೇ ತುಂಬಿತು. ವರ್ಷವರ್ಷ ಹಂಚದೆ ಉಳಿಸಿಕೊಂಡ ಮೀಸಲು ನಿಧಿಯಿಂದ ಸುಮಾರು 1,046 ಕೋಟಿ ತೆಗೆದು ಷೇರು ಬಂಡವಾಳದ ಸಾಲಿಗೆ ಬರೆದುಕೊಂಡಿತು. ಹಣ ಕಂಪನಿಯಿಂದ ಹೊರಗೆ ಬರಲಿಲ್ಲ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಯ್ತು ಅಷ್ಟೆ. ಆದರೆ ಬಂಡವಾಳದ ಸಾಲಿಗೆ ಹೋದದ್ದನ್ನು ಮುಂದೆ ಲಾಭಾಂಶ ಅಂತ ಹಂಚೋಕೆ ಬರಲ್ಲ. ಕೈಯಲ್ಲಿ ಮೀಸಲು ಇಲ್ಲದ ಕಂಪನಿ ಬೋನಸ್ ಕೊಡೋಕೂ ಆಗಲ್ಲ, ಸ್ಪ್ಲಿಟ್ ಬೇಕಾದ್ರೆ ಮಾಡಬಹುದು. ಬೋನಸ್ ಅಂದ ತಕ್ಷಣ ಪೇಟೆ ಸ್ವಲ್ಪ ಹಿಗ್ಗೋದಕ್ಕೆ ಇದೂ ಒಂದು ಕಾರಣ. ನನ್ನ ಪ್ರಕಾರ ಆ ಹಿಗ್ಗಿನಲ್ಲಿ ಅರ್ಧ, ಸುಮ್ಮನೆ 'ಪುಕ್ಕಟೆ' ಅನ್ನೋ ಪದದ ಮಹಿಮೆ.

ಇಲ್ಲಿಯ ತನಕ ಕ್ಯಾಂಟೀನಿನ ಗೆಳೆಯರೇ ಗೆದ್ದರು. ಎರಡರಲ್ಲೂ ಷೇರು ಜಾಸ್ತಿ ಆಯ್ತು, ಬೆಲೆ ಅದೇ ಲೆಕ್ಕದಲ್ಲಿ ಕಮ್ಮಿ ಆಯ್ತು, ಕಂಪನಿಯಲ್ಲಿ ಮಾವನ ಪಾಲು ಎಳ್ಳಷ್ಟೂ ಬದಲಾಗಲಿಲ್ಲ. ವ್ಯತ್ಯಾಸ ಹೊರಬರೋದು ಮಾರುವಾಗ.

2025ರ ಜನವರಿಯಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರಲ್ಲಿ ಒಂದು ಸಲ, 2022ರಲ್ಲಿ ಒಂದು ಸಲ, ಆಮೇಲೆ ಇದೇ. ಊರೆಲ್ಲ ಹೋಗಿ ನೋಡಿ ಬಂತು. ನೀರು ನೋಡಿ ಮಾವನಿಗೆ ಹುಮ್ಮಸ್ಸು ಬಂದು, ತೋಟದ ಹಳೇ ಪಂಪು ಪೈಪೆಲ್ಲ ಕಿತ್ತು ಹೊಸದು ಹಾಕಿಸ್ತೀನಿ ಅಂತ ಹೊರಟರು. ಅರವತ್ತು ಸಾವಿರ ಬೇಕು. ಫೆಬ್ರವರಿಯಲ್ಲಿ ನಾನು ಊರಿಗೆ ಹೋದಾಗ "ವಿಪ್ರೋ ಇನ್ನೂರೂ ಕೊಟ್ಟುಬಿಡ್ತೀನಿ, ಮುನ್ನೂರ ಹತ್ತು ನಡೀತಿದೆ, ಅರವತ್ತೆರಡು ಸಾವಿರ ಬರುತ್ತೆ, ಹಾಕಿದ್ದು ನಲವತ್ತೆರಡು, ಲಾಭ ಇಪ್ಪತ್ತು. ಒಂದೂಕಾಲು ಲಕ್ಷದ ತನಕ ತೆರಿಗೆ ಇಲ್ಲ ಅಂತ ನೀನೇ ಹೇಳಿದ್ದೆ" ಅಂದರು.

ಗಣಿತ ಮೇಷ್ಟ್ರು, ಕೂಡೋದು ಕಳೆಯೋದು ಸರಿಯಾಗೇ ಇತ್ತು. ಆದರೆ ತೆರಿಗೆ ಇಲಾಖೆ ಆ ಇನ್ನೂರು ಷೇರನ್ನು ಒಂದು ಗಂಟು ಅಂತ ನೋಡಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಅಲ್ಲಿ ಎರಡು ದಾಖಲೆ ಇವೆ. ಷೇರು ಎಷ್ಟು, ಕೊಂಡ ಬೆಲೆ ಎಷ್ಟು, ಯಾವ ತಿಂಗಳು:

```
100, 420, 2023-08
100,   0, 2024-12
```

ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ. ಅದರ ವಯಸ್ಸು ಎಣಿಸೋದು ಬೋನಸ್ ಹಂಚಿಕೆಯಾದ ದಿನದಿಂದ, ಮೂಲ ಷೇರು ಕೊಂಡ ದಿನದಿಂದ ಅಲ್ಲ. ವಿಪ್ರೋದವರು ಬೋನಸ್ ಬದಲು 2 ರೂಪಾಯಿಯನ್ನು 1 ರೂಪಾಯಿ ಮಾಡಿ ಸ್ಪ್ಲಿಟ್ ಮಾಡಿದ್ದರೆ ಒಂದೇ ದಾಖಲೆ ಇರುತ್ತಿತ್ತು:

```
200, 210, 2023-08
```

ಸ್ಪ್ಲಿಟ್‌ನಲ್ಲಿ ಕೊಂಡ ಬೆಲೆ ಹಂಚಿಹೋಗುತ್ತೆ, ದಿನಾಂಕ ಹಾಗೇ ಉಳಿಯುತ್ತೆ. ಪೋಡಿ ಆದ ಹಿಸ್ಸಾಗಳೆಲ್ಲ ತಾತನ ಕಾಲದ ಜಮೀನೇ ಅಲ್ವಾ, ಹಾಗೆ.

ಪೇಟೆಯಲ್ಲಿ ಮಾರುವ ಷೇರಿಗೆ ಹನ್ನೆರಡು ತಿಂಗಳು ದಾಟಿದ್ರೆ ದೀರ್ಘಾವಧಿ, ಇಲ್ಲದಿದ್ರೆ ಅಲ್ಪಾವಧಿ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದ ತನಕ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಅಲ್ಪಾವಧಿಗೆ ಮೊದಲ ರೂಪಾಯಿಯಿಂದಲೇ ಶೇ 20. ಈಗ ಮಾವನ ಯೋಜನೆಯನ್ನು ಈ ಎರಡು ದಾಖಲೆ ಮೇಲೆ ಇಟ್ಟು ನೋಡಿ. ಹಳೇ ನೂರು ಷೇರು 420ಕ್ಕೆ ಕೊಂಡದ್ದು 310ಕ್ಕೆ ಹೋಗುತ್ತೆ: 11,000 ರೂಪಾಯಿ ದೀರ್ಘಾವಧಿ ನಷ್ಟ. ಬೋನಸ್ ನೂರು ಷೇರು ಸೊನ್ನೆಗೆ ಬಂದದ್ದು 310ಕ್ಕೆ ಹೋಗುತ್ತೆ: 31,000 ರೂಪಾಯಿ ಲಾಭ, ಅದೂ ಎರಡೇ ತಿಂಗಳ ಷೇರು, ಹಾಗಾಗಿ ಅಲ್ಪಾವಧಿ. ಒಂದರಲ್ಲಿ ಇನ್ನೊಂದನ್ನು ಕಳೆದ್ರೆ ಮಾವ ಹೇಳಿದ ಇಪ್ಪತ್ತು ಸಾವಿರವೇ ಬರುತ್ತೆ. ಆದರೆ ಕಳೆಯೋ ಹಾಗಿಲ್ಲ! ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬೇಕು, ಅಲ್ಪಾವಧಿ ಲಾಭದಲ್ಲಿ ಕಳೆಯೋಕೆ ಕಾನೂನು ಬಿಡಲ್ಲ. 31,000ದ ಮೇಲೆ ಶೇ 20 ಅಂದ್ರೆ 6,200, ಸೆಸ್ ಸೇರಿ 6,448 ರೂಪಾಯಿ.

ಸ್ಪ್ಲಿಟ್ ಆಗಿದ್ದಿದ್ರೆ? ಇನ್ನೂರು ಷೇರು, ತಲಾ ನೂರು ರೂಪಾಯಿ ಲಾಭ, 20,000 ದೀರ್ಘಾವಧಿ, ತೆರಿಗೆ ಸೊನ್ನೆ. ಅದೇ ದುಡ್ಡು, ಅದೇ ಕಂಪನಿ, ಅದೇ ದಿನ.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಮತ್ತೆ ಈ ಆಪ್‌ನಲ್ಲಿ ಸರಾಸರಿ ಇನ್ನೂರ ಹತ್ತು ಅಂತ ತೋರಿಸ್ತಿದೆಯಲ್ಲೋ?" ಒಳ್ಳೆ ಪ್ರಶ್ನೆ. 42,000ವನ್ನು 200ರಿಂದ ಭಾಗಿಸಿದ ಸಂಖ್ಯೆ ಅದು. ಒಟ್ಟಾರೆ ಲಾಭ ಎಷ್ಟು ಅಂತ ನೋಡೋಕೆ ಸರಿ, ತೆರಿಗೆಗೆ ಅಲ್ಲ. ಆ ಸರಾಸರಿಯ ಹಿಂದೆ ಎಷ್ಟು ದಾಖಲೆ ಇವೆ ಅಂತ ನೋಡಬೇಕಾದ್ರೆ, ಹೋಲ್ಡಿಂಗ್ಸ್‌ನಲ್ಲಿ ಆ ಷೇರಿನ ಒಳಗೆ ಹೋಗಿ ದಿನಾಂಕವಾರು ವಿವರ ತೆಗೀಬೇಕು, ಇಲ್ಲಾ ಬ್ರೋಕರ್ ಕೊಡೋ ತೆರಿಗೆ ವರದಿ ಇಳಿಸಿಕೊಳ್ಳಬೇಕು. ಬೆಲೆ ಕಾಲಂನಲ್ಲಿ ಸೊನ್ನೆ ಕಂಡ್ರೆ ಅದು ಬೋನಸ್. ಸ್ಪ್ಲಿಟ್ ಆದ ಷೇರಿನಲ್ಲಿ ಸೊನ್ನೆ ಕಾಣಿಸಿದ್ರೆ ವರದಿಯಲ್ಲೇ ಏನೋ ಎಡವಟ್ಟಾಗಿದೆ ಅಂತ ಅರ್ಥ.

"ಸರಿ, ಬೋನಸ್ಸಿನದ್ದು ಇಟ್ಕೊಂಡು ಹಳೇದು ಮಾತ್ರ ಮಾರೋಕೆ ಆಗುತ್ತಾ?" ಅದು ತಾನಾಗೇ ಆಗುತ್ತೆ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದು ಮೊದಲು ಹೊರಗೆ ಹೋಗುತ್ತೆ, ಆರಿಸಿಕೊಳ್ಳೋ ಮಾತೇ ಇಲ್ಲ. ರೇಷನ್ ಅಂಗಡಿ ಸಾಲಿನ ಹಾಗೆ.

ಕೊನೆಗೆ ನಾವು ಮಾಡಿದ್ದು ಹೀಗೆ. ವಿಪ್ರೋದಲ್ಲಿ ನೂರು ಮಾತ್ರ ಮಾರಿದೆವು, 31,000 ಬಂತು. ಹಳೇ ನೂರೇ ಹೋದದ್ದರಿಂದ ಲೆಕ್ಕದಲ್ಲಿ 11,000 ದೀರ್ಘಾವಧಿ ನಷ್ಟ. ಉಳಿದ ದುಡ್ಡಿಗೆ ಕೆನರಾದಲ್ಲಿ 330 ಷೇರು ಸುಮಾರು 90 ರೂಪಾಯಿಗೆ ಕೊಟ್ಟೆವು, 29,700 ಬಂತು. ಕೆನರಾ ಸ್ಪ್ಲಿಟ್ ಆದ ಷೇರು, ಕೊಂಡ ಬೆಲೆ 330ನ್ನು ಐದರಿಂದ ಭಾಗಿಸಿ 66, ದಿನಾಂಕ 2023ರ ಆಗಸ್ಟ್. ಷೇರಿಗೆ 24 ರೂಪಾಯಿಯಂತೆ 7,920 ದೀರ್ಘಾವಧಿ ಲಾಭ. ಈ ಲಾಭ ವಿಪ್ರೋದ ನಷ್ಟದಲ್ಲಿ ಕಳೆದುಹೋಯ್ತು, ಇನ್ನೂ 3,080 ರೂಪಾಯಿ ನಷ್ಟ ಉಳಿಯಿತು. ಅದನ್ನು ಎಂಟು ವರ್ಷದ ತನಕ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ಸ್ ಅನ್ನು ಕೊನೇ ದಿನಾಂಕದೊಳಗೆ ಸಲ್ಲಿಸಿದ್ರೆ ಮಾತ್ರ. ಮಾವ ಜುಲೈ ಮೊದಲ ವಾರಕ್ಕೇ ನನ್ನ ಬೆನ್ನು ಹತ್ತಿದ್ದರು, ಅದು ಬೇರೆ ಮಾತು. ಒಟ್ಟು 60,700 ರೂಪಾಯಿ, ತೆರಿಗೆ ಸೊನ್ನೆ, ಪಂಪು ಬಂತು.

ಬೋನಸ್ ನೂರು ಷೇರು ಹಾಗೇ ಉಳಿಯಿತು. ಅದಕ್ಕೆ ಹನ್ನೆರಡು ತಿಂಗಳು ತುಂಬಿದ್ದು 2025ರ ಡಿಸೆಂಬರಿನಲ್ಲಿ. ಆಮೇಲೆ ಮಾರಿದ್ರೆ ಪೂರ್ತಿ ಬೆಲೆಯೂ ಲಾಭವೇ, ಆದರೆ ದೀರ್ಘಾವಧಿ ಲಾಭ. ಗಮನಿಸಿ, ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಎರಡು ದಾಖಲೆಯ ಕೊಂಡ ಬೆಲೆ ಕೂಡಿದ್ರೆ ಬೋನಸ್‌ನಲ್ಲೂ 42,000, ಸ್ಪ್ಲಿಟ್‌ನಲ್ಲೂ 42,000. ಬೋನಸ್‌ನಲ್ಲಿ ಆ 42,000ವೂ ಹಳೇ ಷೇರಿನ ತಲೆ ಮೇಲೇ ಕೂತಿರುತ್ತೆ. ಮೊದಲು ಮಾರೋ ಅರ್ಧಕ್ಕೆ ಲಾಭ ಕಮ್ಮಿ ಕಾಣುತ್ತೆ, ಕೊನೆಗೆ ಮಾರೋ ಅರ್ಧಕ್ಕೆ ಪೂರಾ ಬೀಳುತ್ತೆ. ಕಾಯೋಕೆ ಪುರುಸೊತ್ತು ಇರೋನಿಗೆ ಬೋನಸ್ ಅನುಕೂಲವೇ. ಬೋನಸ್ ಬಂದ ವರ್ಷದೊಳಗೇ ಎಲ್ಲಾ ಮಾರೋನಿಗೆ ಹೊಡೆತ.

ಇದನ್ನು ಓದಿ ಯಾರಿಗಾದರೂ ಮಿಂಚಿನ ಹಾಗೆ ಒಂದು ಐಡಿಯಾ ಬಂದಿರಬಹುದು. ಬೋನಸ್ ಹೇಳಿದ ತಕ್ಷಣ ಷೇರು ಕೊಂಡು, ಬೋನಸ್ ಬಂದ ಮೇಲೆ ಹಳೇದನ್ನು ಮಾರಿ, ಆ ಕಾಗದದ ನಷ್ಟವನ್ನು ಬೇರೆ ಲಾಭದಲ್ಲಿ ಕಳೆದುಕೊಂಡ್ರೆ ಹೇಗೆ? ನಿಮಗಿಂತ ಮೊದಲೇ ಬಹಳ ಜನರಿಗೆ ಬಂದಿತ್ತು :) ಮೊದಲು ಮ್ಯೂಚುವಲ್ ಫಂಡ್ ಯೂನಿಟ್‌ಗಳಿಗೆ ಮಾತ್ರ ಇದ್ದ ತಡೆಯನ್ನು 2022ರ ಬಜೆಟ್ಟಿನಲ್ಲಿ ಷೇರಿಗೂ ತಂದರು. ದಾಖಲೆ ದಿನಕ್ಕೆ ಹಿಂದಿನ ಮೂರು ತಿಂಗಳೊಳಗೆ ಕೊಂಡು, ನಂತರದ ಒಂಬತ್ತು ತಿಂಗಳೊಳಗೆ ಆ ಹಳೇ ಷೇರು ಮಾರಿ, ಬೋನಸ್ ಷೇರು ಕೈಯಲ್ಲೇ ಉಳಿಸಿಕೊಂಡಿದ್ರೆ ಆ ನಷ್ಟ ಲೆಕ್ಕಕ್ಕೆ ಬರಲ್ಲ. ಬದಲಿಗೆ ಆ ನಷ್ಟದ ಮೊತ್ತವೇ ಉಳಿದ ಬೋನಸ್ ಷೇರಿನ ಕೊಂಡ ಬೆಲೆ ಆಗುತ್ತೆ. ಮಾವ ಕೊಂಡದ್ದು ದಾಖಲೆ ದಿನಕ್ಕೆ ಒಂದು ವರ್ಷಕ್ಕೂ ಹಿಂದೆ, ಹಾಗಾಗಿ ಅವರ 11,000ಕ್ಕೆ ಈ ಕತ್ತರಿ ತಾಗಲಿಲ್ಲ.

ಬೋನಸ್ ಅಂದ ಮೇಲೆ ಇನ್ಫೋಸಿಸ್ ಹೆಸರು ಬರದೆ ಇರುತ್ತಾ? 1993ರಲ್ಲಿ 95 ರೂಪಾಯಿಯ ಹಾಗೆ ನೂರು ಷೇರು, ಅಂದ್ರೆ 9,500 ರೂಪಾಯಿಗೆ ತಗೊಂಡೋರ ಹತ್ತಿರ ಇವತ್ತು 1,02,400 ಷೇರು ಇರುತ್ತೆ. 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್. 2000ದಲ್ಲಿ ಮುಖಬೆಲೆ 10ರಿಂದ 5ಕ್ಕೆ ಸ್ಪ್ಲಿಟ್. 2004ರಲ್ಲಿ ಒಂದಕ್ಕೆ ಮೂರು ಬೋನಸ್. ಆಮೇಲೆ 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಇಷ್ಟರಲ್ಲಿ ಸ್ಪ್ಲಿಟ್ ಒಂದೇ ಒಂದು. ಈ ಪಟ್ಟಿ ತೋರಿಸಿ "ಬೋನಸ್ಸಿನಿಂದಲೇ ಕೋಟ್ಯಧಿಪತಿ" ಅಂತ ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಬೋನಸ್ಸೇ ಕೊಡದೆ ನೂರು ಷೇರೇ ಇಟ್ಟಿದ್ದರೂ ಆ ನೂರರ ಬೆಲೆ ಒಟ್ಟಿಗೆ ಅಷ್ಟೇ ಆಗಬೇಕಿತ್ತು. ಬೆಳೆದದ್ದು ಕಂಪನಿಯ ಗಳಿಕೆ.

ಆದರೆ ಈ ಪಟ್ಟಿಯ ಕೊನೇ ಬೋನಸ್ ಮಾತ್ರ ಹಳೇ ಹೂಡಿಕೆದಾರರು ಗಮನಿಸಬೇಕಾದದ್ದು. 2018ರ ಜನವರಿ 31ಕ್ಕೆ ಮೊದಲೇ ಕೈಯಲ್ಲಿದ್ದ ಷೇರಿಗೆ, ಅವತ್ತಿನ ಪೇಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ತಗೊಳ್ಳೋ ರಿಯಾಯಿತಿ ಇದೆ (ಮಾರಿದ ಬೆಲೆಗಿಂತ ಅದು ಜಾಸ್ತಿ ಇರದಿದ್ದರೆ). ಅದಕ್ಕೆ ಮೊದಲು ಬಂದ ಬೋನಸ್ ಷೇರಿಗೂ ಇದು ಸಿಗುತ್ತೆ, ಸೊನ್ನೆ ಅಂತ ಕೊರಗಬೇಕಿಲ್ಲ. ಆದರೆ ಇನ್ಫೋಸಿಸ್‌ನ ಕೊನೇ ಬೋನಸ್ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಆ 1,02,400ರಲ್ಲಿ ಅರ್ಧ, 51,200 ಷೇರಿಗೆ ರಿಯಾಯಿತಿಯೂ ಇಲ್ಲ, ಕೊಂಡ ಬೆಲೆಯೂ ಇಲ್ಲ. ಮನೆಯಲ್ಲಿ ಅಜ್ಜನೋ ಅಪ್ಪನೋ ತಗೊಂಡ ಹಳೇ ಇನ್ಫೋಸಿಸ್ ಇದ್ದವರು ಎಲ್ಲವನ್ನೂ ಜನವರಿ 31ರ ಬೆಲೆಗೆ ಲೆಕ್ಕ ಹಾಕಿ ಕೂತಿರ್ತಾರೆ. 2018ರ ಸೆಪ್ಟೆಂಬರಿನ ಸಾಲನ್ನು ಬೇರೆ ಮಾಡಿ ನೋಡಿ. ಮಾರುವಾಗ ಹಳೇ ಅರ್ಧ ಮೊದಲು ಹೋಗುತ್ತೆ, ಆ ಸಾಲಿನ ಸರದಿ ಬರೋದು ಆಮೇಲೆ.